ಉದ್ದನೆಯ ಅಳಲಿಗೆ ಉತ್ತರ ಬರೆಯುವ ಮುನ್ನ: ಬೇಕಿರುವುದು ಸಾಂತ್ವನವೋ, ಸಲಹೆಯೋ, ಗಮನವೋ?

ಪರಿಚಿತರೊಬ್ಬರು ಮೊಬೈಲಿನಲ್ಲಿ ಮೂರು ಪರದೆ ತುಂಬುವಷ್ಟು ಉದ್ದದ ಅಳಲನ್ನು ಬರೆದು ಹಾಕಿದ್ದಾರೆ ಎಂದುಕೊಳ್ಳಿ. ಅರ್ಧ ಓದುವಷ್ಟರಲ್ಲೇ ನಮಗೆ ಪರಿಹಾರ ಹೊಳೆದುಬಿಡುತ್ತದೆ. ಉಳಿದರ್ಧವನ್ನು ಆ ಪರಿಹಾರಕ್ಕೆ ಒಪ್ಪುವ ಹಾಗೆ ಓದಿಕೊಂಡು ಉತ್ತರ ಕಳಿಸುತ್ತೇವೆ. ಆ ಕಡೆಯಿಂದ "ಅದನ್ನೂ ಮಾಡಿ ನೋಡಿದ್ದಾಯ್ತು ಬಿಡಿ" ಎಂಬ ಒಣ ಸಾಲು ಬರುತ್ತದೆ. ಬರೆದವರಿಗೆ ತಮ್ಮ ಮಾತು ಯಾರಿಗೂ ಮುಟ್ಟಲಿಲ್ಲ ಎನ್ನಿಸುತ್ತದೆ. ನಮಗೆ ಒಳ್ಳೆಯದು ಹೇಳಲು ಹೋಗಿ ಕೈಸುಟ್ಟುಕೊಂಡ ಹಾಗಾಗುತ್ತದೆ.

ಹೀಗಾಗುವುದು ಸಲಹೆ ಕೆಟ್ಟದ್ದೆಂದಲ್ಲ. ಜನ ಕಷ್ಟ ಹೇಳಿಕೊಳ್ಳುವಾಗ ನಡೆಯುವ ಸಹಜ ಮಾತುಕತೆಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದ ಗೇಲ್ ಜೆಫರ್ಸನ್ ಮತ್ತು ಜಾನ್ ಲೀ 1981ರಲ್ಲೇ ಇದನ್ನು ಗುರುತಿಸಿದ್ದರು. ಕಷ್ಟ ತೋಡಿಕೊಳ್ಳುತ್ತಿರುವವರು ತಮ್ಮ ಮಾತಿಗೆ ಕಿವಿಗೊಡುವವರನ್ನು ಹುಡುಕುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಸಲಹೆ ಬಂದರೆ, ಅದು ಎಷ್ಟೇ ಉಪಯುಕ್ತವಾಗಿದ್ದರೂ, ತಳ್ಳಿಹಾಕುವುದೇ ಹೆಚ್ಚು. ಸಲಹೆ ಕೊಟ್ಟ ಕ್ಷಣಕ್ಕೆ ಕಷ್ಟ ಹೇಳಿಕೊಂಡವರು ಗಿರಾಕಿಯಾಗಿಬಿಡುತ್ತಾರೆ, ಅವರ ನೋವು ಬಗೆಹರಿಸಬೇಕಾದ ಕೆಲಸವಾಗಿಬಿಡುತ್ತದೆ.

ಎದುರೆದುರು ಕೂತು ಮಾತಾಡುವಾಗ ಮುಖ, ದನಿ, ನಿಟ್ಟುಸಿರು ನಮಗೆ ದಾರಿ ತೋರಿಸುತ್ತವೆ. ಬರಹದಲ್ಲಿ ಅವು ಇರುವುದಿಲ್ಲ. ಆದರೆ ಬರಹಕ್ಕೆ ಬೇರೆ ಗುರುತುಗಳಿವೆ, ಮತ್ತೊಮ್ಮೆ ಓದಬಹುದಾದ ಅನುಕೂಲವೂ ಇದೆ.

ಹಂತ 1: ಎರಡು ಸಲ ಓದಿ, ಎರಡನೆಯ ಸಲ ಕೊನೆಯಿಂದ

ಮೊದಲ ಓದು ಏನಾಯಿತು ಎಂದು ತಿಳಿಯಲು. ಎರಡನೆಯ ಸಲ ನೇರವಾಗಿ ಕೊನೆಯ ಮೂರು ನಾಲ್ಕು ಸಾಲಿಗೆ ಹೋಗಿ. ಸಿಟ್ಟು, ದುಃಖದಲ್ಲಿ ಬರೆಯಲು ಕೂತವರು ಆರಂಭದಲ್ಲಿ ತಮಗಾಗಿಯೇ ಬರೆದುಕೊಳ್ಳುತ್ತಿರುತ್ತಾರೆ. ಮುಗಿಸುವ ಹೊತ್ತಿಗೆ ಓದುವವರ ನೆನಪಾಗುತ್ತದೆ. ಹಾಗಾಗಿ ಓದುವವರಿಂದ ಏನು ಬೇಕು ಎಂಬ ಸುಳಿವು ಹೆಚ್ಚಾಗಿ ಕೊನೆಯಲ್ಲೇ ಸಿಗುತ್ತದೆ.

"ಸುಮ್ಮನೆ ಹೇಳ್ಕೊಂಡೆ ಅಷ್ಟೇ", "ಹೇಳ್ಕೊಂಡ ಮೇಲೆ ಸ್ವಲ್ಪ ಹಗುರ ಆಯ್ತು", "ಇಷ್ಟುದ್ದ ಬರೆದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ" ಎಂದು ಮುಗಿದರೆ ಬೇಕಿರುವುದು ಕಿವಿ. "ಈ ವಾರದೊಳಗೆ ಉತ್ತರ ಕೊಡಬೇಕು, ಯಾವುದು ಸರಿ ಅನ್ನಿಸುತ್ತೆ?" ಎಂದು ಮುಗಿದರೆ ಸಲಹೆ ಬೇಕಾಗಿದೆ. "ಇರಲಿ ಬಿಡಿ, ಯಾರು ಓದ್ತಾರೆ ಇದನ್ನೆಲ್ಲ" ಎಂದು ಮುಗಿದರೆ, ಬರಹದ ವಿಷಯ ಏನೇ ಇರಲಿ, ಯಾರಾದರೂ ಇತ್ತ ತಿರುಗಿ ನೋಡಲಿ ಎಂಬ ಹಂಬಲ ಮುಂದೆ ನಿಂತಿದೆ.

ಹಂತ 2: ಪ್ರಶ್ನೆಗಳನ್ನು ಜರಡಿ ಹಿಡಿಯಿರಿ

ಇಲ್ಲಿಯೇ ಹೆಚ್ಚು ಜನ ಎಡವುವುದು. ಪ್ರಶ್ನಾರ್ಥಕ ಚಿಹ್ನೆ ಕಂಡರೆ ಸಾಕು, ಸಲಹೆ ಕೇಳಿದ್ದಾರೆ ಎಂದುಕೊಳ್ಳುತ್ತೇವೆ. ಆದರೆ ಅಳಲಿನಲ್ಲಿ ಬರುವ ಪ್ರಶ್ನೆಗಳಲ್ಲಿ ಬಹಳಷ್ಟು ಪ್ರಶ್ನೆಗಳೇ ಅಲ್ಲ. "ನಾನೇನು ಮಾಡ್ಬೇಕಿತ್ತು ಹೇಳಿ?", "ಇದು ನ್ಯಾಯನಾ?", "ನಾನು ಹೇಳಿದ್ದರಲ್ಲಿ ತಪ್ಪೇನಿದೆ, ನೀವೇ ಹೇಳಿ?" ಇವುಗಳಿಗೆ ಬರೆದವರ ಬಳಿ ಉತ್ತರ ಆಗಲೇ ಇದೆ. ನಮ್ಮಿಂದ ಕೇಳುತ್ತಿರುವುದು ಒಂದು "ಹೌದು". ಸಾಲಿನ ಕೊನೆಗೆ "ಅಲ್ವಾ", "ತಾನೇ" ಅಂಟಿಕೊಂಡಿದ್ದರೆ ಅನುಮಾನವೇ ಬೇಡ.

ನಿಜವಾದ ಪ್ರಶ್ನೆಗೆ ಬೇರೆ ಲಕ್ಷಣಗಳಿವೆ. ಅದು ಮುಂದೆ ಆಗಬೇಕಾದದ್ದರ ಬಗ್ಗೆ ಇರುತ್ತದೆ. ಅದರ ಹಿಂದುಮುಂದು ಆಯ್ಕೆಗಳಿರುತ್ತವೆ, ಗಡುವಿರುತ್ತದೆ, ಇದುವರೆಗೆ ಏನೇನು ಮಾಡಿದೆ ಎಂಬ ವಿವರವಿರುತ್ತದೆ. "ಏನು ಮಾಡ್ಲಿ?" ಎನ್ನುವ ಮಾತು ಒಂಟಿಯಾಗಿ ಬಂದರೆ ಅದು ನಿಟ್ಟುಸಿರು. "ರಜೆ ಕೇಳ್ಲಾ, ಕೆಲಸವನ್ನೇ ಬಿಡ್ಲಾ?" ಎಂದು ಬಂದರೆ ಅದು ಪ್ರಶ್ನೆ.

ವಿವರಗಳ ಬಗೆಯೂ ಇದನ್ನೇ ಹೇಳುತ್ತದೆ. ಸಲಹೆ ಬೇಕಾದವರು ಸಲಹೆ ಕೊಡಲು ಬೇಕಾದ ಮಾಹಿತಿ ಕೊಡುತ್ತಾರೆ: ದಿನಾಂಕ, ಮೊತ್ತ, ಯಾರು ಏನು ಒಪ್ಪಿದ್ದಾರೆ, ಯಾವುದು ಸಾಧ್ಯವಿಲ್ಲ. ಮನಸ್ಸು ಹಗುರ ಮಾಡಿಕೊಳ್ಳಲು ಬರೆದವರು ನೋವಾದ ಮಾತನ್ನು ಅಕ್ಷರಶಃ ಬರೆಯುತ್ತಾರೆ. ಯಾರು, ಯಾವ ದನಿಯಲ್ಲಿ, ಯಾರ ಮುಂದೆ ಅಂದರು ಎಂಬುದೆಲ್ಲ ಅಲ್ಲಿರುತ್ತದೆ.

"ಯಾವಾಗಲೂ", "ಒಂದು ಸಲವೂ", "ಎಲ್ಲರೂ", "ಯಾರೊಬ್ಬರೂ" ಎಂಬ ಪದಗಳು ಸಾಲುಸಾಲಾಗಿ ಕಂಡರೆ ಅವನ್ನು ಲೆಕ್ಕಪತ್ರ ಪರೀಕ್ಷಿಸಿದ ಹಾಗೆ ಪರೀಕ್ಷಿಸಬೇಡಿ. ದೂರು ಹೇಳುವಾಗ ಜನ ಇಂಥ ಅತಿರೇಕದ ಮಾತುಗಳನ್ನು ಏಕೆ ಬಳಸುತ್ತಾರೆ ಎಂದು ಮಾತುಕತೆಗಳ ಸಂಶೋಧಕಿ ಅನಿಟಾ ಪೊಮೆರಾಂಟ್ಸ್ 1986ರಲ್ಲಿ ವಿವರಿಸಿದ್ದಾರೆ. ಕೇಳುವವರು "ಇದೇನು ದೊಡ್ಡ ವಿಷಯ" ಅಂದುಬಿಟ್ಟಾರು ಎಂಬ ಭಯವಿದ್ದಾಗ ಅವು ಬರುತ್ತವೆ. ಆದ್ದರಿಂದ "ಯಾವಾಗಲೂ ಅಂತೀಯಲ್ಲ, ಹೋದ ತಿಂಗಳು ಸಹಾಯ ಮಾಡಿದ್ದರಲ್ಲ?" ಎಂದು ತಿದ್ದಿದರೆ ಅವರ ಭಯವನ್ನೇ ನಿಜ ಮಾಡಿದಂತಾಯಿತು. ಮುಂದಿನ ಬರಹದಲ್ಲಿ "ಯಾವಾಗಲೂ" ಇನ್ನೂ ಹೆಚ್ಚುತ್ತದೆ.

ಹಂತ 3: ಒಂದು ಬರಹವನ್ನು ಬಿಡಿಸಿ ನೋಡೋಣ

ಒಬ್ಬಳು ಗೆಳತಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಹೀಗೆ ಬರೆದಿದ್ದಾಳೆ ಎಂದಿಟ್ಟುಕೊಳ್ಳಿ:

"ಇವತ್ತು ತಲೆ ಕೆಟ್ಟುಹೋಗಿದೆ ಕಣೇ. ಅಮ್ಮನ ಮಂಡಿ ಆಪರೇಷನ್ ಆಗಿ ಆರು ವಾರ ಆಯ್ತು. ಮೊದಲ ದಿನದಿಂದ ನಾನೊಬ್ಬಳೇ. ರಾತ್ರಿ ಎರಡು ಸಲ ಎದ್ದು ಬಾತ್‌ರೂಮಿಗೆ ಕರ್ಕೊಂಡು ಹೋಗ್ಬೇಕು, ಬೆಳಗ್ಗೆ ಒಂಬತ್ತಕ್ಕೆ ಮನೆಯಿಂದಲೇ ಆಫೀಸ್ ಕೆಲಸ ಶುರು. ಅಣ್ಣ ವಾರಕ್ಕೊಂದು ಸಲ ಫೋನ್ ಮಾಡ್ತಾನೆ. ಮಾಡಿದ್ರೂ ಬರೀ ವಿಚಾರಣೆ. ವ್ಯಾಯಾಮ ಮಾಡಿಸ್ತಿದ್ದೀಯಾ, ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡ್ತಿದ್ದೀಯಾ ಅಂತ. ನಾನೇನು ಅವನ ಕೈಕೆಳಗೆ ಕೆಲಸಕ್ಕಿದ್ದೀನಾ? ನಿನಗೆ ಸುಸ್ತಾಗಿಲ್ವಾ ಅಂತ ಒಂದು ಸಲನೂ ಕೇಳಿಲ್ಲ. ಇವತ್ತು ಅಮ್ಮನೂ 'ಅವನಿದ್ದಿದ್ರೆ ಇನ್ನೂ ಚೆನ್ನಾಗಿ ನೋಡ್ಕೋತಿದ್ದ' ಅಂದ್ಬಿಟ್ರು. ಏನೂ ಮಾತಾಡದೆ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ್ಕೊಂಡೆ. ಮುಂದಿನ ತಿಂಗಳಿಂದ ಆಫೀಸಿಗೇ ಬರ್ಬೇಕು ಅಂತ ಹೇಳಿದ್ದಾರೆ, ಆಗ ಏನ್ ಮಾಡೋದೋ ಗೊತ್ತಿಲ್ಲ. ನಾನು ಮಾಡೋದು ಯಾರ ಕಣ್ಣಿಗೂ ಬೀಳಲ್ಲ. ಸುಮ್ಮನೆ ಹೇಳ್ಕೊಂಡೆ ಅಷ್ಟೇ."

ಓದಿದ ಕೂಡಲೇ ಕೈ ಹೋಗುವುದು ಮುಂದಿನ ತಿಂಗಳ ವಿಷಯಕ್ಕೆ. ಹಗಲು ನೋಡಿಕೊಳ್ಳುವವರನ್ನು ಗೊತ್ತು ಮಾಡು, ಅಣ್ಣನನ್ನು ಒಂದು ತಿಂಗಳು ಕರೆಸು, ಆಫೀಸಿನಲ್ಲಿ ಇನ್ನಷ್ಟು ಸಮಯ ಕೇಳು. ಮೂರೂ ಬುದ್ಧಿವಂತ ಮಾತೇ. ಆದರೆ ಬರಹದಲ್ಲಿ ಮುಂದಿನ ತಿಂಗಳಿಗೆ ಸಿಕ್ಕಿರುವುದು ಒಂದೇ ವಾಕ್ಯ. ಅದರಲ್ಲಿ ಆಯ್ಕೆಗಳಿಲ್ಲ, ದಿನಾಂಕವಿಲ್ಲ, ಹಣದ ಮಾತಿಲ್ಲ. "ಏನ್ ಮಾಡೋದೋ ಗೊತ್ತಿಲ್ಲ" ಎಂಬುದು ಪ್ರಶ್ನೆಯ ರೂಪದಲ್ಲೂ ಇಲ್ಲ. ಇಡೀ ಬರಹದಲ್ಲಿ ಪ್ರಶ್ನೆಯಾಗಿ ನಿಂತಿರುವ ಅವಳ ಸ್ವಂತ ಮಾತು "ಕೆಲಸಕ್ಕಿದ್ದೀನಾ" ಒಂದೇ, ಅದಕ್ಕೆ ಉತ್ತರ ಬೇಕಿಲ್ಲ.

ಹಾಗಾದರೆ ತೂಕ ಎಲ್ಲಿದೆ? "ಇವತ್ತು" ಎಂಬ ಪದ ಎಲ್ಲೆಲ್ಲಿ ಬಂದಿದೆ ನೋಡಿ. ಮೊದಲ ಸಾಲಿನಲ್ಲಿ ಒಮ್ಮೆ, ಅಮ್ಮನ ಮಾತಿನ ಮುಂದೆ ಇನ್ನೊಮ್ಮೆ. ಆರು ವಾರ ತಡೆದುಕೊಂಡವಳು ಈ ರಾತ್ರಿ ಬರೆಯಲು ಕೂತಿದ್ದಕ್ಕೆ ಕಾರಣ ಆ ಒಂದು ವಾಕ್ಯ. ಅಣ್ಣನ ಮೇಲಿನ ಸಿಟ್ಟಿಗೆ ಅರ್ಧ ಬರಹ ಖರ್ಚಾಗಿದ್ದರೂ ಅದು ಹಳೆಯ ಸಿಟ್ಟು. ಯಾವುದೇ ಉದ್ದನೆಯ ಅಳಲಿನಲ್ಲಿ "ಇವತ್ತೇ ಏಕೆ ಬರೆದರು?" ಎಂದು ಕೇಳಿಕೊಂಡರೆ ಇಂಥ ಒಂದು ಸಾಲು ಸಿಗುತ್ತದೆ, ಅದಕ್ಕೆ ಹೆಚ್ಚು ಜಾಗ ಸಿಕ್ಕಿರಬೇಕು ಎಂದೇನಿಲ್ಲ. ನಮ್ಮ ಉತ್ತರ ಆ ಸಾಲನ್ನು ಮುಟ್ಟದಿದ್ದರೆ, ಉಳಿದುದಕ್ಕೆಲ್ಲ ಉತ್ತರಿಸಿದರೂ, ಓದಿಯೇ ಇಲ್ಲವೆಂದು ಅನ್ನಿಸುತ್ತದೆ.

ಕೊನೆಯ ಎರಡು ಸಾಲು ತೀರ್ಮಾನ ಕೊಡುತ್ತವೆ. ಮಾಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಸುಮ್ಮನೆ ಹೇಳಿಕೊಂಡೆ. ಈ ರಾತ್ರಿಗೆ ಬೇಕಿರುವುದು ಸಾಂತ್ವನ. ಸಲಹೆಯ ಅಗತ್ಯವೂ ಒಳಗೆ ಮಲಗಿದೆ, ಅದರ ಸರದಿ ಆಮೇಲೆ ಬರುತ್ತದೆ.

ಇದೇ ಬರಹದ ಕೊನೆ ಬದಲಾಗಿದ್ದರೆ? "ಮುಂದಿನ ತಿಂಗಳ ಮೊದಲ ವಾರದಿಂದ ಹೋಗ್ಬೇಕು. ಎರಡು ತಿಂಗಳು ಸಂಬಳ ಇಲ್ಲದ ರಜೆ ಕೊಡ್ತಾರಂತೆ, ಇಲ್ಲಾ ಹಗಲಿಗೆ ಯಾರನ್ನಾದ್ರೂ ಗೊತ್ತು ಮಾಡ್ಬೇಕು, ಅಮ್ಮ ಹೊಸಬರನ್ನ ಒಪ್ಪಲ್ಲ. ನೀನಾಗಿದ್ರೆ ಏನ್ ಮಾಡ್ತಿದ್ದೆ?" ಎಂದು ಮುಗಿದಿದ್ದರೆ ಅದು ಸಲಹೆಯ ಬರಹ. ಆಗ ಬರೀ "ಅಯ್ಯೋ ಪಾಪ, ಧೈರ್ಯವಾಗಿರು" ಎಂದರೆ ಕೇಳಿದ್ದನ್ನು ತಪ್ಪಿಸಿಕೊಂಡ ಹಾಗಾಗುತ್ತದೆ. ಅಣ್ಣನ ಹೆಸರನ್ನಾಗಲಿ, ಅಮ್ಮನ ಆಪರೇಷನ್ನನ್ನಾಗಲಿ ಹೇಳದೆ, "ಕೆಲವರಿಗೆ ಎಷ್ಟು ಮಾಡಿದ್ರೂ ಅಷ್ಟೇ. ಯಾರು ಅಂತ ಹೇಳಲ್ಲ, ಓದಿದವರಿಗೆ ಗೊತ್ತಾಗುತ್ತೆ" ಎಂದು ಹಲವರು ಓದುವ ಕಡೆ ಹಾಕಿದ್ದರೆ ಅದು ಗಮನದ ಬರಹ. ಏನಾಯಿತು ಎಂದು ಓದಿದವರೇ ಬಂದು ಕೇಳಲಿ ಎಂದು ಬಾಗಿಲನ್ನು ಅರ್ಧ ತೆರೆದಿಟ್ಟ ಹಾಗೆ.

ಹಂತ 4: ಮೊದಲ ಉತ್ತರ ಚಿಕ್ಕದಿರಲಿ

ಮೂರೂ ಅಪ್ಪಟವಾಗಿ ಬೇರೆಬೇರೆ ಸಿಗುವುದು ಅಪರೂಪ. ಸಂದೇಹವಿದ್ದರೆ ಸಾಂತ್ವನದಿಂದ ಆರಂಭಿಸಿ. ಸಲಹೆ ಬೇಕಿದ್ದವರಿಗೆ ಮೊದಲು ಸಾಂತ್ವನ ಸಿಕ್ಕರೆ ಏನೂ ಕೆಡುವುದಿಲ್ಲ. ಸಾಂತ್ವನ ಬೇಕಿದ್ದವರಿಗೆ ಮೊದಲು ಸಲಹೆ ಸಿಕ್ಕರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನಾಲ್ಕೈದು ವಾಕ್ಯ ಸಾಕು. ಮೊದಲನೆಯದು ಆ "ಇವತ್ತಿನ" ಸಾಲನ್ನು ಹೆಸರಿಸಿ ಹೇಳಬೇಕು. ಎರಡನೆಯದು ಅವರು ಪಟ್ಟ ಪಾಡಿನ ಒಂದು ನಿಖರ ವಿವರವನ್ನು ಎತ್ತಿಕೊಳ್ಳಬೇಕು. ಉಳಿದದ್ದು ಮುಂದಿನ ಮಾತಿಗೆ ಜಾಗ ಬಿಡಬೇಕು. ಮೇಲಿನ ಗೆಳತಿಗೆ ಹೀಗೆ ಬರೆಯಬಹುದು:

"ಆರು ವಾರ ನಿದ್ದೆಗೆಟ್ಟು ನೋಡ್ಕೊಂಡ ಮೇಲೆ ಅಮ್ಮನ ಬಾಯಲ್ಲೇ ಆ ಮಾತು ಕೇಳಿದ್ರೆ ನಾನೂ ಎದ್ದು ಹೋಗ್ತಿದ್ದೆ ಕಣೇ. ರಾತ್ರಿ ಎರಡು ಸಲ ಎದ್ದು, ಬೆಳಗ್ಗೆ ಒಂಬತ್ತಕ್ಕೆ ಮತ್ತೆ ಕೆಲಸಕ್ಕೆ ಕೂರೋದು ಸಾಮಾನ್ಯ ಅಲ್ಲ. ಇನ್ನೂ ಹೇಳೋದಿದ್ರೆ ಹೇಳು, ಎಚ್ಚರವಾಗೇ ಇದ್ದೀನಿ. ಮುಂದಿನ ತಿಂಗಳದ್ದು ನಾಳೆ ಬೇಕಾದ್ರೆ ಕೂತು ಯೋಚಿಸೋಣ."

"ಎರಡು ಸಲ", "ಒಂಬತ್ತಕ್ಕೆ" ಎಂಬ ಅವಳದೇ ವಿವರಗಳು ಇಲ್ಲಿ ಮರಳಿ ಬಂದಿವೆ. ಓದಿದ್ದೇನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. "ನಿನ್ನ ನೋವು ಅರ್ಥವಾಗುತ್ತೆ" ಎಂದು ಬರೆದರೆ ಅದು ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು, ಬರೆದವಳಿಗೂ ಅದು ಗೊತ್ತಾಗುತ್ತದೆ. ಕೊನೆಯ ವಾಕ್ಯ ಸಲಹೆಯ ಬಾಗಿಲನ್ನು ತೋರಿಸುತ್ತದೆ, ಒಳಗೆ ತಳ್ಳುವುದಿಲ್ಲ. "ಎಚ್ಚರವಾಗೇ ಇದ್ದೀನಿ" ಎಂಬುದನ್ನು ನಿಜವಾಗಿ ಎಚ್ಚರವಿರುವವರು ಮಾತ್ರ ಬರೆಯಬೇಕು. ಬರೆದು ಮಲಗಿಬಿಟ್ಟರೆ ಬರೆಯದೇ ಇದ್ದುದಕ್ಕಿಂತ ಹೆಚ್ಚು ನೋವಾಗುತ್ತದೆ. ನಿದ್ದೆ ಬರುತ್ತಿದ್ದರೆ "ಬೆಳಗ್ಗೆ ಎಂಟಕ್ಕೆ ಫೋನ್ ಮಾಡ್ತೀನಿ" ಎನ್ನಿ.

ಕೆಡುವ ಉತ್ತರಗಳು ಹೆಚ್ಚಾಗಿ ಪ್ರೀತಿಯಿಂದಲೇ ಬಂದಿರುತ್ತವೆ. "ನಿಮ್ಮಣ್ಣ ಮೊದಲಿನಿಂದಲೂ ಸ್ವಾರ್ಥಿ" ಎಂದು ಪಕ್ಷ ಕಟ್ಟಿದರೆ ಈ ರಾತ್ರಿಗೆ ಹಿತವೆನಿಸಬಹುದು. ನಾಲ್ಕು ದಿನ ಕಳೆದು ಅಣ್ಣ ತಂಗಿ ಒಂದಾಗುತ್ತಾರೆ, ನಮ್ಮ ಮಾತು ಮಾತ್ರ ಬರಹದಲ್ಲಿ ಉಳಿದಿರುತ್ತದೆ. ನಡೆದದ್ದನ್ನು ಖಂಡಿಸಬಹುದು, ಮನುಷ್ಯನ ಗುಣಕ್ಕೆ ತೀರ್ಪು ಕೊಡುವುದು ಬೇಡ. "ಪಾಪ, ಅಮ್ಮನಿಗೂ ನೋವಲ್ವಾ, ಏನೋ ಅಂದಿರ್ತಾರೆ" ಎಂಬುದು ನಿಜವೇ ಇರಬಹುದು. ಆದರೆ ಅವಳ ಅಮ್ಮನನ್ನು ಅವಳಿಗೇ ಅರ್ಥಮಾಡಿಸಲು ಹೊರಟ ಹಾಗಾಯಿತು. ಆ ಮಾತನ್ನು ಅವಳೇ ನಾಳೆ ಹೇಳುತ್ತಾಳೆ, ಅಲ್ಲಿಯವರೆಗೆ ಕಾಯಿರಿ. ಇನ್ನು "ನಮ್ಮ ಮನೇಲೂ ಹೀಗೇ ಆಗಿತ್ತು" ಎಂದು ಶುರುವಾಗುವ ಉತ್ತರ. ಒಂದು ವಾಕ್ಯದಲ್ಲಿ ಮುಗಿದು ಮತ್ತೆ ಅವಳ ಕಡೆಗೆ ತಿರುಗಿದರೆ ಅದು ಜೊತೆ. ಎರಡನೆಯ ವಾಕ್ಯಕ್ಕೆ ದಾಟಿದರೆ ಈಗ ನಮ್ಮ ಕಥೆಯನ್ನು ಅವಳು ಸಮಾಧಾನ ಮಾಡಬೇಕಾಗುತ್ತದೆ.

ಹಂತ 5: ಎರಡನೆಯ ಸಂದೇಶ ನೋಡಿ ತೀರ್ಮಾನಿಸಿ

ಮೊದಲ ಓದಿನ ಊಹೆ ಎಷ್ಟೇ ಚುರುಕಾಗಿದ್ದರೂ ಊಹೆಯೇ. ನಮ್ಮ ಪುಟ್ಟ ಉತ್ತರಕ್ಕೆ ಏನು ಬರುತ್ತದೆ ಎಂಬುದು ಹೆಚ್ಚು ಹೇಳುತ್ತದೆ.

ಸಾಂತ್ವನ ಬೇಕಿದ್ದವರು ಹೆಚ್ಚಾಗಿ ಸಡಿಲಗೊಳ್ಳುತ್ತಾರೆ. ವಾಕ್ಯಗಳು ಚಿಕ್ಕದಾಗುತ್ತವೆ, "ಅದೇ ನೋಡು" ಎಂಬ ಮಾತು ಬರುತ್ತದೆ, ಕೆಲವೊಮ್ಮೆ ತಮ್ಮನ್ನು ತಾವೇ ಸ್ವಲ್ಪ ಹಾಸ್ಯ ಮಾಡಿಕೊಳ್ಳುತ್ತಾರೆ. "ಅಮ್ಮನೂ ಸುಮ್ಮನೆ ಅಂದಿದ್ದಲ್ಲ, ಅವರಿಗೂ ಸಾಕಾಗಿದೆ" ಎಂದು ಇನ್ನೊಬ್ಬರ ಪರವಾಗಿ ಮಾತಾಡತೊಡಗಿದರೆ ಭಾರ ಇಳಿಯುತ್ತಿದೆ ಎಂದರ್ಥ. ಸಲಹೆ ಬೇಕಿದ್ದವರು ತಾವೇ ಮುಂದಿನದಕ್ಕೆ ಹೊರಳುತ್ತಾರೆ: "ಮುಂದಿನ ತಿಂಗಳದ್ದೇ ಚಿಂತೆ ಕಣೇ." ಯಾವುದೂ ಸ್ಪಷ್ಟವಾಗದಿದ್ದರೆ ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಎರಡನೆಯ ಸುತ್ತಿನಲ್ಲಿ ಕೇಳಿ: "ಈಗ ಬರೀ ಕೇಳಿಸ್ಕೊಳ್ಲಾ, ಇಲ್ಲಾ ಏನಾದ್ರೂ ದಾರಿ ಹುಡುಕೋಣ್ವಾ?" ಇದನ್ನೇ ಮೊದಲ ಉತ್ತರವಾಗಿ ಕಳಿಸಿದರೆ ಆಸ್ಪತ್ರೆಯ ಕೌಂಟರಿನಲ್ಲಿ ಅರ್ಜಿ ತುಂಬಲು ಕೊಟ್ಟ ಹಾಗಿರುತ್ತದೆ.

ಹಂತ 6: ಸಲಹೆಯ ಸರದಿ ಬಂದಾಗ

ಸಲಹೆ ಹೇಗೆ ಕೊಟ್ಟರೆ ಒಪ್ಪಿಗೆಯಾಗುತ್ತದೆ ಎಂಬುದನ್ನು ಸಂವಹನ ಶಾಸ್ತ್ರದ ಬೋ ಫೆಂಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಪರೀಕ್ಷಿಸಿತ್ತು. ಮೊದಲು ಭಾವನೆಗೆ ಆಸರೆ, ಆಮೇಲೆ ಸಮಸ್ಯೆಯ ಬಗ್ಗೆ ವಿಚಾರಿಸುವುದು, ಕೊನೆಗೆ ಸಲಹೆ. ಈ ಕ್ರಮದಲ್ಲಿ ಬಂದ ಸಲಹೆಯನ್ನು ಜನ ಹೆಚ್ಚು ಒಳ್ಳೆಯದೆಂದು ಕಂಡರು. ನಮ್ಮಲ್ಲಿ ಹೆಚ್ಚಿನವರು ತಪ್ಪಿಸುವುದು ನಡುವಿನ ಮೆಟ್ಟಿಲನ್ನು. ಸಾಂತ್ವನದ ಒಂದು ಸಾಲು ಬರೆದು ಮರುಸಾಲಿನಲ್ಲೇ ಪರಿಹಾರಕ್ಕೆ ಜಿಗಿಯುತ್ತಾರೆ. ಆಗ ಆ ಸಾಂತ್ವನವೂ ಪೀಠಿಕೆಯ ಹಾಗೆ ಕಾಣುತ್ತದೆ.

ಗೆಳತಿಯ ವಿಷಯದಲ್ಲಿ ನಡುವಿನ ಮೆಟ್ಟಿಲು ಎಂದರೆ ಎರಡೋ ಮೂರೋ ಪ್ರಶ್ನೆ. ಅಣ್ಣನಿಗೆ ಮುಂದಿನ ತಿಂಗಳ ವಿಷಯ ಹೇಳಿದ್ದೀಯಾ? ಅಮ್ಮ ಒಬ್ಬರೇ ಎಷ್ಟು ಹೊತ್ತು ಇರಬಲ್ಲರು? ಇದುವರೆಗೆ ಏನು ಯೋಚಿಸಿದ್ದೀಯಾ? ಕೊನೆಯ ಪ್ರಶ್ನೆ ಮುಖ್ಯವಾದದ್ದು. ಅವಳು ಆಗಲೇ ಯೋಚಿಸಿ ಬಿಟ್ಟಿರುವುದನ್ನೇ ಹೊಸದಾಗಿ ಹೇಳುವ ಮುಜುಗರ ಅದರಿಂದ ತಪ್ಪುತ್ತದೆ. "ಯಾಕೆ ಅಣ್ಣನಿಗೆ ಹೇಳಿಲ್ಲ?" ಎಂಬ ಧಾಟಿಯ ಪ್ರಶ್ನೆ ಬೇಡ. "ಯಾಕೆ" ಎಂದು ಬರೆದದ್ದು ಓದುವವರ ಕಿವಿಗೆ ಗದರಿಕೆಯಾಗಿಯೇ ಕೇಳುತ್ತದೆ.

ಆಮೇಲೆ ಒಂದೇ ಸಲಹೆ ಕೊಡಿ, ಅದು ಈ ವಾರ ಮಾಡಬಹುದಾದಷ್ಟು ಚಿಕ್ಕದಿರಲಿ. "ಅಣ್ಣನ ಜೊತೆ ಕೂತು ಎಲ್ಲ ಮಾತಾಡು" ಎಂಬುದು ದೊಡ್ಡದು, ಮಂಕಾದದ್ದು. "ಮುಂದಿನ ತಿಂಗಳ ಮೊದಲ ಎರಡು ವಾರ ನೀನು ಬಂದಿರ್ತೀಯಾ ಅಂತ ಅಣ್ಣನಿಗೆ ತಾರೀಕು ಹಾಕಿ ಒಂದು ಮೆಸೇಜ್ ಕಳಿಸಿದ್ರೆ ಹೇಗೆ? ಬೇಕಿದ್ರೆ ಏನು ಬರೆಯೋದು ಅಂತ ಇಬ್ಬರೂ ನೋಡೋಣ" ಎಂಬುದನ್ನು ಅವಳು ನಾಳೆಯೇ ಮಾಡಬಹುದು. ಐದು ಸಲಹೆ ಒಟ್ಟಿಗೆ ಕೊಟ್ಟರೆ ಅವಳು ಅವುಗಳಲ್ಲಿ ಅತ್ಯಂತ ದುರ್ಬಲವಾದುದನ್ನು ಆರಿಸಿ ತಳ್ಳಿಹಾಕುತ್ತಾಳೆ, ಉಳಿದ ನಾಲ್ಕೂ ಅದರ ಜೊತೆ ಹೋಗುತ್ತವೆ.

ಹಂತ 7: ಗಮನದ ಬರಹಕ್ಕೆ

ಗಮನ ಬಯಸುವುದನ್ನು ಅಪರಾಧವೆಂದು ನೋಡುವ ಅಭ್ಯಾಸವೊಂದು ನಮ್ಮಲ್ಲಿದೆ, ಅದನ್ನು ಬಿಟ್ಟರೆ ಕೆಲಸ ಸುಲಭ. ಒಂಟಿತನದಲ್ಲಿರುವವರು, ಕೇಳಿ ಪಡೆಯಲು ಸಂಕೋಚಪಡುವವರು ಸುತ್ತುಬಳಸಿ ಗಮನ ಕೇಳುತ್ತಾರೆ. ಒಂದೇ ಬರಹ ನೋಡಿ ಈ ತೀರ್ಮಾನಕ್ಕೆ ಬರಲೂಬಾರದು. ಇದು ಕಾಣುವುದು ಹಲವು ಬರಹಗಳ ಸಾಲಿನಲ್ಲಿ: ಮುಖ್ಯ ಸಂಗತಿಯನ್ನು ಪ್ರತಿಸಲವೂ ಮುಚ್ಚಿಡುವುದು, ಉತ್ತರ ಬಂದಷ್ಟೂ ಕಥೆ ಬೆಳೆಯುವುದು, ಒಬ್ಬರ ಉತ್ತರ ಸಾಲದೆ ಅದೇ ಅಳಲನ್ನು ಹೊಸ ಕಡೆ ಹೊಸದಾಗಿ ಹಾಕುವುದು, ನೆರವಿನ ಮಾತು ನಿಜವಾಗಿ ಬಂದಾಗ ವಿಷಯವನ್ನೇ ಬದಲಿಸುವುದು.

ಕೊನೆಯದಕ್ಕೆ ಒಂದು ಪರಿಚಿತ ರೂಪವಿದೆ. ಮನೋವೈದ್ಯ ಎರಿಕ್ ಬರ್ನ್ 1964ರ ವೇಳೆಗೆ ಇದನ್ನು ಒಂದು ಆಟವೆಂದೇ ವಿವರಿಸಿದ್ದರು. ಒಬ್ಬರು "ಹೀಗೆ ಮಾಡಬಹುದಲ್ಲ" ಎನ್ನುತ್ತಾರೆ, ಇನ್ನೊಬ್ಬರು "ಹೌದು, ಆದರೆ" ಎನ್ನುತ್ತಾರೆ. ಸಲಹೆ ಕೊಡುವವರು ಸುಸ್ತಾಗಿ ಸುಮ್ಮನಾಗುವವರೆಗೂ ಇದು ನಡೆಯುತ್ತದೆ. ಎರಡು "ಆದರೆ" ಬಂದ ಮೇಲೆ ಮೂರನೆಯ ಸಲಹೆ ಕೊಡಬೇಡಿ. "ಎಲ್ಲಾ ದಾರಿನೂ ಯೋಚಿಸಿದ್ದೀಯ, ಕಷ್ಟವೇ. ನಿನಗೇನು ಸರಿ ಅನ್ನಿಸುತ್ತೆ?" ಎಂದು ಚೆಂಡನ್ನು ಅವರಿಗೇ ಕೊಡಿ. ಆದರೆ ಎಚ್ಚರ, ಹಂತ 4 ತಪ್ಪಿಸಿ ನೇರ ಸಲಹೆಗೆ ಹೋದವರಿಗೂ "ಹೌದು, ಆದರೆ" ಬರುತ್ತದೆ. ಆಗ ಅದು ಅವರ ಆಟವಲ್ಲ, ನಮ್ಮ ಅವಸರ.

ಉತ್ತರ ಬೆಚ್ಚಗಿರಲಿ, ಚಿಕ್ಕದಿರಲಿ, ಕುತೂಹಲ ತೋರದಿರಲಿ. "ಏನಾಯ್ತು? ಯಾರು? ಹೇಳು ಹೇಳು" ಎಂದು ಹಲವರ ಮುಂದೆ ಕೆದಕಿದರೆ ಮುಚ್ಚಿಟ್ಟು ಬರೆಯುವುದು ಫಲ ಕೊಡುತ್ತದೆ ಎಂದು ಕಲಿಸಿದ ಹಾಗೆ. ಅದರ ಬದಲು ಪ್ರತ್ಯೇಕವಾಗಿ "ನಿನ್ನ ನೆನಪಾಯ್ತು. ಶನಿವಾರ ಸಂಜೆ ಮಾತಾಡೋಣ್ವಾ?" ಎಂದು ಬರೆಯಿರಿ. ಅಳಲಿಗೆ ಮಾತ್ರ ಗಮನ ಸಿಗುತ್ತಾ ಹೋದರೆ ಅಳಲೇ ಬೆಳೆಯುತ್ತದೆ. ಏನೂ ಬರೆಯದ ದಿನ ಒಂದು ಫೋನ್ ಹೋದರೆ, ಕೆಲವು ವಾರಗಳಲ್ಲಿ ಆ ಬಗೆಯ ಬರಹ ಕಡಿಮೆಯಾಗಬಹುದು. ಪೂರ್ತಿ ಮೌನ ಮಾತ್ರ ಒಳ್ಳೆಯ ಉಪಾಯವಲ್ಲ, ಅದು ದನಿಯನ್ನು ಇನ್ನಷ್ಟು ಏರಿಸುತ್ತದೆ.

ಮೇಲಿನ ಹಂತಗಳನ್ನೆಲ್ಲ ಬದಿಗಿಡಬೇಕಾದ ಸಂದರ್ಭ

"ನಾನಿದ್ದು ಏನು ಪ್ರಯೋಜನ", "ನಾನಿಲ್ಲದಿದ್ರೆ ಎಲ್ಲರಿಗೂ ನಿರಾಳ", "ಇನ್ನು ಯಾರಿಗೂ ತೊಂದರೆ ಕೊಡಲ್ಲ" ಎಂಬಂಥ ಸಾಲು ಕಂಡರೆ ಇದು ಸಾಂತ್ವನವೋ ಗಮನವೋ ಎಂದು ವಿಂಗಡಿಸುತ್ತ ಕೂರಬೇಡಿ. ಎಲ್ಲರ ಕ್ಷಮೆ ಕೇಳುವುದು, ವಸ್ತುಗಳನ್ನು ಹಂಚುವುದು, ತುಂಬ ಕಳವಳದ ಬರಹಗಳ ನಂತರ ಇದ್ದಕ್ಕಿದ್ದಂತೆ ಶಾಂತವಾಗಿ ವಿದಾಯದ ಧಾಟಿಯಲ್ಲಿ ಬರೆಯುವುದೂ ಇದೇ ಸಾಲಿಗೆ ಸೇರುತ್ತವೆ. ಕೂಡಲೇ ಫೋನ್ ಮಾಡಿ, ನೇರವಾಗಿ ಕೇಳಿ: "ಸಾಯೋ ಯೋಚನೆ ಬರ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಎಂಬ ಭಯಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, ಹತ್ತಿರವಿರುವವರನ್ನು ತಕ್ಷಣ ಕಳಿಸಿ, ಆತ್ಮಹತ್ಯೆ ತಡೆ ಸಹಾಯವಾಣಿಗೋ ತುರ್ತು ಸೇವೆಗೋ ಕರೆ ಮಾಡಿ. ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. "ಇವರು ಯಾವಾಗಲೂ ಹೀಗೇ ಬರೀತಾರೆ" ಎಂಬ ಹಿಂದಿನ ಅನುಭವ ಇಲ್ಲಿ ಲೆಕ್ಕಕ್ಕಿಲ್ಲ.

ಎಲ್ಲಿ ನಿಲ್ಲಿಸಬೇಕು

ಹೇಳಿಕೊಂಡಷ್ಟೂ ಸಿಟ್ಟು ಕರಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರಿಗೆ ಉಳಿದವರಿಗಿಂತ ಹೆಚ್ಚು ಸಿಟ್ಟಿತ್ತು. ಏನೂ ಮಾಡದೆ ಸುಮ್ಮನೆ ಕೂತವರ ಸ್ಥಿತಿ ಅವರಿಗಿಂತ ಮೇಲಾಗಿತ್ತು. ಬರಹದಲ್ಲೂ ಎಚ್ಚರ ಬೇಕು. ಅದೇ ಘಟನೆ ಮೂರನೆಯ ಸಲ ಹೊಸ ವಿವರವಿಲ್ಲದೆ, ಮೊದಲಿಗಿಂತ ಖಾರವಾಗಿ ಬರುತ್ತಿದ್ದರೆ ನಮ್ಮ "ಹೌದು ಹೌದು" ಉರಿಗೆ ಗಾಳಿ ಹಾಕುತ್ತಿದೆ. ಆಗ ಘಟನೆಯಿಂದ ದೇಹದ ಕಡೆಗೆ, ಈ ಹೊತ್ತಿನ ಕಡೆಗೆ ಮಾತು ತಿರುಗಿಸಿ: "ಊಟ ಆಯ್ತಾ? ಇವತ್ತು ರಾತ್ರಿ ಅಮ್ಮನ್ನ ಎಬ್ಬಿಸೋಕೆ ಮತ್ತೆ ಎಷ್ಟೊತ್ತಿಗೆ ಏಳ್ಬೇಕು?"

ಮುಗಿಸುವಾಗ ಮುಂದಿನ ಮಾತಿಗೆ ಒಂದು ಹೊತ್ತು ಗೊತ್ತುಮಾಡಿ, ಆ ಹೊತ್ತಿಗೆ ನೀವೇ ಮೊದಲು ಮಾತು ತೆಗೆಯಿರಿ. "ಈಗ ಮಲಗು. ನಾಳೆ ಮಧ್ಯಾಹ್ನ ನಿನಗೆ ಬಿಡುವಾದಾಗ ನಾನೇ ಮಾಡ್ತೀನಿ" ಎಂದರೆ ಸಾಕು. ಮರುದಿನ ಕರೆ ಮಾಡಿದಾಗ ಮೊದಲು ಕೇಳಬೇಕಾದದ್ದು ಅಣ್ಣನ ವಿಷಯವಲ್ಲ, ರಾತ್ರಿ ನಿದ್ದೆ ಬಂತೇ ಎಂದು.